ತಾತನಿಂದ ಬಂದದ್ದೆಲ್ಲ ಪಿತ್ರಾರ್ಜಿತವಲ್ಲ: ಅಪ್ಪನ ವಿಲ್ ಉಳಿಸಿಕೊಂಡ ನನ್ನ ಅನುಭವ

ನಾನು ಪತ್ರ ಬರಹಗಾರ, ವಕೀಲನಲ್ಲ. ಅಪ್ಪ ತನ್ನದೆಲ್ಲ ತಂಗಿಗೆ ಬರೆಯಬೇಕು ಅಂದಾಗ ನಮ್ಮ ಕಚೇರಿ ಮುಂದೆ ಕೂರುವ ಹಿರಿಯರೇ ನಕ್ಕರು. "ತಾತನ ಕಾಲದ ಆಸ್ತಿ ಕಣಯ್ಯ, ವಿಲ್ ನಿಲ್ಲಲ್ಲ." ಅಪ್ಪ ಹೋದ ಮೇಲೆ ಅಣ್ಣ ದಾವೆ ಹಾಕಿದ. ಏಳು ವರ್ಷ ನಡೆಯಿತು. ವಿಲ್ ನಿಂತಿತು, ಒಂದು ಜಮೀನಿನ ಮುಕ್ಕಾಲು ಪಾಲು ಬಿಟ್ಟು.

ಆಸ್ತಿ ಇದ್ದದ್ದು ಮೂರು. 1978ರಲ್ಲಿ ತಾತನಿಗೆ ಅವರ ಅಣ್ಣತಮ್ಮಂದಿರ ಜೊತೆ ಪಾಲಾಗಿ ಬಂದ ಎರಡು ಎಕರೆ ಖುಷ್ಕಿ. ತಾತ ಸ್ವಂತ ದುಡ್ಡಲ್ಲಿ ಕೊಂಡಿದ್ದ ಸೈಟು. 1986ರಲ್ಲಿ ಅಪ್ಪ ಮೇಷ್ಟ್ರಾಗಿದ್ದಾಗ ಕೊಂಡ ಒಂದು ಎಕರೆ. ತಾತ ತೀರಿದ್ದು 1983ರಲ್ಲಿ, ವಿಲ್ ಬರೆದಿರಲಿಲ್ಲ. ಅಜ್ಜಿ ಮೊದಲೇ ಹೋಗಿದ್ದರು, ಅಪ್ಪ ಒಬ್ಬನೇ ಮಗ. ಖಾತೆ ಮೂರೂ ಅಪ್ಪನ ಹೆಸರಿಗೇ. ಖಾತೆ ನೋಡಿ ಸ್ವಯಾರ್ಜಿತ ಅಂದುಕೊಳ್ಳುವವರು ಈಗಲೂ ಇದ್ದಾರೆ. ಖಾತೆಯಿಂದ ಅದು ತೀರ್ಮಾನ ಆಗಲ್ಲ, ಆಸ್ತಿ ಬಂದ ದಾರಿಯಿಂದ ಆಗುತ್ತೆ.

ಮೊದಲ ಕರಡಿನಲ್ಲಿ ನಾನೇ ಎಡವಿದ್ದೆ. ಹಳೇ ಪತ್ರಗಳ ರೂಢಿಯಂತೆ "ನನಗೆ ಪಿತ್ರಾರ್ಜಿತವಾಗಿ ಬಂದ ಸ್ವತ್ತುಗಳು" ಅಂತ ಮೂರನ್ನೂ ಸೇರಿಸಿ ಬರೆದುಬಿಟ್ಟೆ. ಅದು ನೋಂದಣಿ ಆಗಿದ್ದಿದ್ದರೆ ಅಣ್ಣನ ವಕೀಲರಿಗೆ ಬೇರೆ ಸಾಕ್ಷಿಯೇ ಬೇಕಿರಲಿಲ್ಲ. ನಂತರ ದಾನಪತ್ರ ಮಾಡೋಣ ಅಂತ ಯಾರೋ ಅಂದರು. ಸ್ಟಾಂಪಿಗೆ ದುಡ್ಡೂ ಹೊಂದಿಸಿದ್ದೆವು. ಪಾಲಾಗದ ಒಟ್ಟು ಕುಟುಂಬದ ಹಕ್ಕನ್ನು ದಾನ ಕೊಡೋಕೆ ಬರಲ್ಲ ಅಂತ ಆಮೇಲೆ ಗೊತ್ತಾಯಿತು. ವಿಲ್ ಬೇರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 30ನೇ ಕಲಂ ಪ್ರಕಾರ ತನ್ನ ಪಾಲಿನ ಮಟ್ಟಿಗೆ ಬರೆಯಬಹುದು.

ಎರಡನೇ ಸಲ ಪ್ರತಿ ಸ್ವತ್ತಿಗೂ ಬೇರೆ ಪ್ಯಾರಾ ಬರೆದೆ. ಎಲ್ಲಿಂದ ಬಂತು, ಯಾವ ಪತ್ರ, ದುಡ್ಡು ಯಾರದ್ದು.

ಸೈಟಿನ ವಿಚಾರದಲ್ಲೇ ಎಲ್ಲರೂ ನಕ್ಕಿದ್ದು. ತಾತನದು ಅಂದ ಮೇಲೆ ಪಿತ್ರಾರ್ಜಿತ ಅಲ್ವಾ ಅಂತ. ಆದರೆ ಅದು ತಾತನ ಸ್ವಂತ ಸಂಪಾದನೆ. 1956ರ ನಂತರ ವಿಲ್ ಇಲ್ಲದೆ ತೀರಿಕೊಂಡವರ ಸ್ವಂತ ಆಸ್ತಿ 8ನೇ ಕಲಂ ಪ್ರಕಾರ ಮಗನಿಗೆ ಬಂದರೆ ಅದು ಅವನದೇ. ಮೊಮ್ಮಕ್ಕಳಿಗೆ ಹುಟ್ಟಿನಿಂದ ಹಕ್ಕಿಲ್ಲ. ಸುಪ್ರೀಂ ಕೋರ್ಟು 1986ರಲ್ಲಿ ಚಂದರ್ ಸೇನ್ ಪ್ರಕರಣದಲ್ಲಿ ಇದನ್ನೇ ಹೇಳಿದೆ. ಸೈಟು ಪೂರ್ತಿ ತಂಗಿಗೆ ಹೋಯಿತು.

1986ರ ಒಂದು ಎಕರೆಗೇ ಜಾಸ್ತಿ ಬೆವರು ಸುರಿದದ್ದು. ಒಟ್ಟು ಜಮೀನಿನ ಆದಾಯದಿಂದ ಕೊಂಡದ್ದು ಅಂತ ಅಣ್ಣನ ವಾದ. ಒಟ್ಟು ಕುಟುಂಬ ಇತ್ತು ಅಂದ ಮಾತ್ರಕ್ಕೆ ಆಸ್ತಿ ಒಟ್ಟಿನದಾಗಲ್ಲ. ಜಮೀನು ಕೊಳ್ಳುವಷ್ಟು ಮಿಗುತ್ತಿತ್ತು ಅಂತ ಅವನು ಮೊದಲು ತೋರಿಸಬೇಕು. ತೋರಿಸಿದರೆ ಆಗ ಹೊರೆ ನಮ್ಮ ತಲೆಗೆ. ಸುಮ್ನೆ ಕೂರಲಿಲ್ಲ. ಹಳೇ ಪಹಣಿ ನಕಲು ತೆಗೆಸಿದೆ. ಎಲ್ಲ ವರ್ಷವೂ ಬರೀ ರಾಗಿ. ಎರಡು ಎಕರೆ ಮಳೆ ರಾಗಿ ಮನೆ ಊಟಕ್ಕೇ ಸರಿಹೋಗುತ್ತಿತ್ತು. ಸಂಬಳದ ಪುಸ್ತಕ ಹುಡುಕಿಕೊಂಡು ಶಾಲೆಗೆ ನಾಲ್ಕು ಸಲ ಅಲೆದೆ, ಗೆದ್ದಲು ತಿಂದಿತ್ತು. ಕೊನೆಗೆ ಅಮ್ಮನ ಟ್ರಂಕಿನಲ್ಲಿ, ಸೀರೆ ಮಡಿಕೆ ಒಳಗೆ, ನೌಕರರ ಪತ್ತಿನ ಸಂಘದ ಪಾಸ್‌ಬುಕ್ ಸಿಕ್ಕಿತು. ಆರು ಸಾವಿರ ಸಾಲ, ಕ್ರಯಪತ್ರಕ್ಕೆ ಮೂರು ದಿನ ಮುಂಚೆ. ಪ್ರತಿ ತಿಂಗಳು ಸಂಬಳದಲ್ಲಿ ಕಡಿತ. ಈ ಪುಸ್ತಕ ತೋರಿಸಿ ಅಣ್ಣನಿಗೆ ಪಾಟೀ ಸವಾಲಿನಲ್ಲಿ ಕೇಳಿಸಿದ ಒಂದು ಪ್ರಶ್ನೆ ಇದೆ, ಅದು ನನ್ನ ಹತ್ತಿರವೇ ಇರಲಿ.

ಎರಡು ಎಕರೆ ಮಾತ್ರ ಅಪ್ಪಟ ಪಿತ್ರಾರ್ಜಿತ. ಪಾಲಿನಲ್ಲಿ ಬಂದದ್ದು ಮಕ್ಕಳ ಮಟ್ಟಿಗೆ ಪಿತ್ರಾರ್ಜಿತವಾಗಿಯೇ ಉಳಿಯುತ್ತೆ. ಅಮ್ಮ ಅಪ್ಪನಿಗಿಂತ ಮೊದಲೇ ಹೋಗಿದ್ದಳು. ಹಾಗಾಗಿ ಅಪ್ಪ, ಅಣ್ಣ, ನಾನು, ತಂಗಿ, ನಾಲ್ಕು ಪಾಲು. 2005ರ ತಿದ್ದುಪಡಿಯಿಂದ ತಂಗಿಗೂ ಸಮಪಾಲು. ಎಂಬತ್ತು ಗುಂಟೆಯಲ್ಲಿ ತಲಾ ಇಪ್ಪತ್ತು. ವಿಲ್ ಮುಟ್ಟಿದ್ದು ಅಪ್ಪನ ಇಪ್ಪತ್ತನ್ನು ಮಾತ್ರ. ತಂಗಿಯದೂ ಸೇರಿ ಅವಳಿಗೆ ಒಂದು ಎಕರೆ.

ವಿಲ್‌ಗೆ ಸ್ಟಾಂಪು ಬೇಡ, ನೋಂದಣಿಯೂ ಕಡ್ಡಾಯವಲ್ಲ, ಆದರೂ ಮಾಡಿಸಿದೆ. ಬರೆದವನೇ ಲಾಭ ಪಡೆದರೆ ಕೋರ್ಟಿಗೆ ಅನುಮಾನ. ನನಗೆ ಅದರಲ್ಲಿ ಚೂರೂ ಇರಲಿಲ್ಲ, ಅದೇ ಬಲವಾಯಿತು. ಇಬ್ಬರು ಸಾಕ್ಷಿಗಳೂ ಅಪ್ಪನಿಗಿಂತ ಇಪ್ಪತ್ತು ವರ್ಷ ಚಿಕ್ಕವರು. ದಾವೆ ಹೊತ್ತಿಗೆ ಒಬ್ಬ ಹೋಗಿದ್ದ, ಇನ್ನೊಬ್ಬ ಕಟಕಟೆಗೆ ಬಂದ. ವಕೀಲರ ಫೀಸು, ನಕಲು, ಓಡಾಟ ಎಲ್ಲ ಸೇರಿ ಒಂದೂವರೆ ಲಕ್ಷದ ಹತ್ತಿರ ಆಗಿರಬೇಕು.

ತೀರ್ಪು ಬಂದ ವಾರಕ್ಕೇ ನಕ್ಕಿದ್ದವರಲ್ಲೊಬ್ಬರು ತಮ್ಮ ಕಟ್ಟು ಹಿಡಿದು ಬಂದರು. ಅವರದೂ ತಾತ ಕೊಂಡಿದ್ದ ಹೊಲ, ಅಪ್ಪನ ಹೆಸರಿಗೆ ಖಾತೆ. ನಾನು ಮೊದಲು ಮರಣದ ದಾಖಲೆ ಕೇಳಿದೆ. ತಾತ ತೀರಿದ್ದು 1954. ಕಾಯ್ದೆಗೆ ಎರಡು ವರ್ಷ ಮುಂಚೆ. ಹಳೇ ಹಿಂದೂ ಕಾನೂನಿನಲ್ಲಿ ಅದು ಮಗನ ಕೈಗೆ ಬಂದಾಗಲೇ ಪಿತ್ರಾರ್ಜಿತ. "ನಿಮ್ಮಪ್ಪನ ಪಾಲಿಗಷ್ಟೇ ಬರೆಯೋಕೆ ಬರುತ್ತೆ ಸ್ವಾಮಿ" ಅಂದೆ. ಕಟ್ಟು ಮಡಚಿಕೊಂಡು ಎದ್ದರು.