ದಿನಕ್ಕೆ 8, ವಾರಕ್ಕೆ 44: ಆಲ್ಬರ್ಟಾಕ್ಕೆ ಹೊರಟ ನಮ್ಮೂರಿನವರಿಗೆ ಓವರ್‌ಟೈಮ್ ಲೆಕ್ಕ

ಮೇ ತಿಂಗಳಲ್ಲಿ ರಜೆಗೆ ಉಡುಪಿಗೆ ಬಂದಿದ್ದೆ. ಕಿನ್ನಿಮುಲ್ಕಿಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಪುನರ್ಪುಳಿ ಶರಬತ್ತು ಕುಡಿಯುತ್ತಿದ್ದಾಗ ಪಕ್ಕದ ಮನೆಯ ಹುಡುಗ ಬಂದ. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಕ್ಯಾಲ್ಗರಿಯಲ್ಲಿ ಒಂದು ಹೋಟೆಲಿನ ಅಡುಗೆಮನೆಗೆ ಸೇರಿ ಅವನಿಗೆ ವರ್ಷ ತುಂಬಿಲ್ಲ. ಅಕ್ಕನ ಮದುವೆಗೆಂದು ಊರಿಗೆ ಬಂದಿದ್ದ. ಕೈಯಲ್ಲಿ ಗೋಡೆ ಕ್ಯಾಲೆಂಡರಿನ ಒಂದು ಹಾಳೆ. ಹೋಗುವಾಗ ಅಮ್ಮ ಬ್ಯಾಗಿಗೆ ಹಾಕಿದ್ದ ಕ್ಯಾಲೆಂಡರ್ ಅದು. ತಿಥಿ, ನಕ್ಷತ್ರದ ಪಕ್ಕದಲ್ಲೇ ನೀಲಿ ಪೆನ್ನಿನಲ್ಲಿ ಆಯಾ ದಿನದ ಕೆಲಸದ ಗಂಟೆ ಬರೆದಿದ್ದ.

"ಅಣ್ಣ, ಓವರ್‌ಟೈಮ್ ದುಡ್ಡೇ ಕೊಡಲಿಲ್ಲ ಮಾರಾಯ್ರೆ. ಕೇಳಿದ್ರೆ ನಿನ್ನ ಲೆಕ್ಕವೇ ತಪ್ಪು ಅಂತಾರೆ" ಅಂದ.

ಲೆಕ್ಕ ನೋಡಿದೆ. ಅವನದ್ದೂ ತಪ್ಪಿತ್ತು, ಹೋಟೆಲಿನವರದ್ದೂ ತಪ್ಪಿತ್ತು. ನಾನು ಹೋದ ಮೊದಲ ವರ್ಷ ಇದೇ ತಪ್ಪು ಮಾಡಿದ್ದೆ. ಹಾಗಾಗಿ ಅವನ ಹಾಳೆಯಲ್ಲಿದ್ದ ಎರಡು ವಾರಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಆಲ್ಬರ್ಟಾದಲ್ಲಿ ಎರಡು ಗೆರೆ ಉಂಟು. ಒಂದು ದಿನದಲ್ಲಿ 8 ಗಂಟೆ ದಾಟಿದರೆ ಒಂದು ಗೆರೆ ದಾಟಿದ ಹಾಗೆ. ವಾರದಲ್ಲಿ 44 ಗಂಟೆ ದಾಟಿದರೆ ಇನ್ನೊಂದು. ಎರಡನ್ನೂ ಬೇರೆ ಬೇರೆ ಲೆಕ್ಕ ಹಾಕಬೇಕು. ಆಮೇಲೆ ಯಾವುದು ಜಾಸ್ತಿಯೋ ಅದೇ ಆ ವಾರದ ಓವರ್‌ಟೈಮ್. ಆ ಗಂಟೆಗಳಿಗೆ ಒಂದೂವರೆ ಪಟ್ಟು ಸಂಬಳ. ಎರಡನ್ನೂ ಕೂಡಿಸುವ ಹಾಗಿಲ್ಲ. ನಿಯಮ ಇಷ್ಟೇ. ಆದರೆ ಜನ ಎಡವುವುದೂ ಇಲ್ಲೇ.

ಹುಡುಗನ ಮೊದಲ ವಾರ ಹೀಗಿತ್ತು: ಸೋಮವಾರ 10, ಮಂಗಳವಾರ 8, ಬುಧವಾರ 7, ಗುರುವಾರ 9, ಶುಕ್ರವಾರ 11, ಶನಿವಾರ 6. ಭಾನುವಾರ ರಜೆ. ಒಟ್ಟು 51 ಗಂಟೆ. ಗಂಟೆಗೆ 18 ಡಾಲರ್.

ದಿನದ ಗೆರೆ ನೋಡಿ. ಸೋಮವಾರ 2, ಗುರುವಾರ 1, ಶುಕ್ರವಾರ 3, ಒಟ್ಟು 6 ಗಂಟೆ ಹೆಚ್ಚು. ಬುಧವಾರ ಒಂದು ಗಂಟೆ ಕಡಿಮೆ ಮಾಡಿದ್ದಾನೆ ಅಂತ ಅದನ್ನು ಇದರಲ್ಲಿ ಕಳೆಯುವ ಹಾಗಿಲ್ಲ. 8ಕ್ಕಿಂತ ಕಡಿಮೆ ಇದ್ದ ದಿನಕ್ಕೆ ಸೊನ್ನೆ, ಅಷ್ಟೇ. ಇನ್ನು ವಾರದ ಗೆರೆ. 51ರಲ್ಲಿ 44 ಕಳೆದರೆ 7. ಆರಕ್ಕಿಂತ ಏಳು ಜಾಸ್ತಿ, ಹಾಗಾಗಿ ಓವರ್‌ಟೈಮ್ 7 ಗಂಟೆ.

ನಮ್ಮ ಹುಡುಗ ಮಾತ್ರ ಆರೂ ಏಳೂ ಕೂಡಿಸಿ 13 ಅಂತ ಬರೆದಿದ್ದ. "ಸರ್ರೆಯಲ್ಲಿರುವ ನನ್ನ ದೋಸ್ತಿ ಎರಡನ್ನೂ ಕೂಡಿಸ್ತಾನೆ ಅಣ್ಣ" ಅಂದ.

ದೋಸ್ತಿ ಹೇಳಿದ್ದು ಸುಳ್ಳಲ್ಲ. ಸರ್ರೆ ಇರುವುದು ಪಕ್ಕದ ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾದಲ್ಲಿ. ಅಲ್ಲಿ ವಾರದ ಗೆರೆ 40. ಅಲ್ಲಿ ದಿನದ ಹೆಚ್ಚಳವನ್ನೂ ವಾರದ ಹೆಚ್ಚಳವನ್ನೂ ಕೂಡಿಸುತ್ತಾರೆ, ಆದರೆ ವಾರದ ಮೊತ್ತ ಹಾಕುವಾಗ ಪ್ರತಿ ದಿನದ ಮೊದಲ 8 ಗಂಟೆ ಮಾತ್ರ ಎಣಿಸುತ್ತಾರೆ. ಹುಡುಗ ಬಿಟ್ಟಿದ್ದು ಈ ಭಾಗವನ್ನು. ಇದೇ ವಾರ ಅಲ್ಲಿ ಆಗಿದ್ದರೆ 8, 8, 7, 8, 8, 6 ಅಂತ 45 ಆಗುತ್ತಿತ್ತು. 40 ದಾಟಿದ್ದು 5, ದಿನದ 6 ಸೇರಿ 11 ಗಂಟೆ ಓವರ್‌ಟೈಮ್.

ಈಗ ಅದೇ ದಾರಿಯಲ್ಲಿ ಆಲ್ಬರ್ಟಾದ 44 ಇಟ್ಟು ನೋಡಿ. 45ರಲ್ಲಿ 44 ಕಳೆದರೆ 1. ದಿನದ 6 ಸೇರಿಸಿದರೆ 7. ನಾವು "ಯಾವುದು ಜಾಸ್ತಿ" ಅಂತ ನೋಡಿದಾಗ ಬಂದದ್ದೂ 7. ಇದು ಈ ವಾರ ಮಾತ್ರ ಹೀಗೆ ಬಂದದ್ದಲ್ಲ, ಯಾವ ವಾರ ಇಟ್ಟರೂ ಎರಡು ದಾರಿಯ ಉತ್ತರ ಒಂದೇ. ಕಾರಣ ಸರಳ. 51ರ ಒಳಗೆ ಆ ದಿನದ 6 ಗಂಟೆಗಳು ಆಗಲೇ ಕೂತಿವೆ. ವಾರ 44 ದಾಟಿದ್ದೇ ಬಹುಪಾಲು ಅವುಗಳಿಂದ. ಏಳರಲ್ಲಿ ಹೊಸದು ಒಂದೇ ಗಂಟೆ. ಕೂಡಿಸಿ 13 ಅಂದರೆ ಆರು ಗಂಟೆಗೆ ಎರಡೆರಡು ಸಲ ದುಡ್ಡು ಕೇಳಿದ ಹಾಗೆ.

ಇದನ್ನು ಕೇಳಿ ಹುಡುಗನ ಮುಖ ಸಣ್ಣ ಆಯಿತು. ಹೋಟೆಲಿನವರೇ ಸರಿ ಅಂತ ಅವನಿಗೆ ಅನಿಸಿರಬೇಕು. ಆದರೆ ದೊಡ್ಡ ದುಡ್ಡು ಹೋದದ್ದು ಎರಡನೇ ವಾರದಲ್ಲಿ. ಆ ವಾರದ ಬಗ್ಗೆ ಅವನು ತಕರಾರೇ ಮಾಡಿರಲಿಲ್ಲ!

ಎರಡನೇ ವಾರ ಅವನು ಮೂರೇ ದಿನ ಕೆಲಸ ಮಾಡಿದ್ದ. ಶುಕ್ರ, ಶನಿ, ಭಾನು, ಒಂದು ಮದುವೆ ಊಟದ ಆರ್ಡರಿಗೆ. ದಿನಕ್ಕೆ 12 ಗಂಟೆ. ಒಟ್ಟು 36. "36 ಅಲ್ವಾ, 44 ಆಗಲಿಲ್ಲ, ಹಾಗಾಗಿ ಬಿಟ್ಟೆ" ಅಂದ. ವಾರದ ಗೆರೆಯ ಪ್ರಕಾರ ಸೊನ್ನೆ, ಸರಿ. ಆದರೆ ದಿನದ ಗೆರೆ? ದಿನಕ್ಕೆ 4ರ ಹಾಗೆ 12 ಗಂಟೆ. ಜಾಸ್ತಿ ಇರುವುದು 12, ಅದೇ ಓವರ್‌ಟೈಮ್. ಮೈ ಮುರಿದು 51 ಗಂಟೆ ದುಡಿದ ವಾರದಲ್ಲಿ 7 ಗಂಟೆ ಓವರ್‌ಟೈಮ್, ಮೂರು ದಿನದ ವಾರದಲ್ಲಿ 12.

ನನ್ನ ಅನುಭವದಲ್ಲಿ ನಮ್ಮವರು ಕಳೆದುಕೊಳ್ಳುವುದು ಹೆಚ್ಚಾಗಿ ಇಂಥ ಸಣ್ಣ ವಾರಗಳಲ್ಲಿ. ದೊಡ್ಡ ವಾರವಾದರೆ ಎಲ್ಲರಿಗೂ ಸಂಶಯ ಬರುತ್ತದೆ. ಸಣ್ಣ ವಾರವನ್ನು ಯಾರೂ ತಿರುಗಿ ನೋಡುವುದಿಲ್ಲ.

ಹೋಟೆಲಿನವರು ಮಾಡಿದ್ದು ಇನ್ನೊಂದು ತಮಾಷೆ. ಅಲ್ಲಿ ಸಂಬಳ ಎರಡು ವಾರಕ್ಕೊಮ್ಮೆ. ಪೇ ಸ್ಟಬ್‌ನಲ್ಲಿ 51ನ್ನೂ 36ನ್ನೂ ಕೂಡಿಸಿ 87 ಗಂಟೆ ಅಂತ ಒಂದೇ ಸಾಲು. 44ರ ಎರಡರಷ್ಟು 88, ಇವನದ್ದು 87, ಹಾಗಾಗಿ ಓವರ್‌ಟೈಮ್ ಇಲ್ಲ ಅಂತ ಅವರ ಲೆಕ್ಕ. 1,566 ಡಾಲರ್ ಕೊಟ್ಟಿದ್ದರು. ಹೀಗೆ ಎರಡು ವಾರ ಒಟ್ಟು ಹಾಕುವ ಹಾಗಿಲ್ಲ. ಸಂಬಳ ಯಾವಾಗ ಬೇಕಾದರೂ ಕೊಡಲಿ, ಓವರ್‌ಟೈಮನ್ನು ವಾರ ವಾರವೇ ನೋಡಬೇಕು.

ಸರಿಯಾದ ಲೆಕ್ಕ ಇದು. ಮೊದಲ ವಾರ 44 ಗಂಟೆ 18ರ ಹಾಗೆ 792, 7 ಗಂಟೆ 27ರ ಹಾಗೆ 189, ಒಟ್ಟು 981 ಡಾಲರ್. ಎರಡನೇ ವಾರ 24 ಗಂಟೆ 18ರ ಹಾಗೆ 432, 12 ಗಂಟೆ 27ರ ಹಾಗೆ 324, ಒಟ್ಟು 756. ಎರಡೂ ಸೇರಿ 1,737. ಅವನಿಗೆ ಇನ್ನೂ ಬರಬೇಕಾದದ್ದು 171 ಡಾಲರ್. ಬೇಗ ತಾಳೆ ನೋಡಬೇಕೆಂದರೆ ಓವರ್‌ಟೈಮ್ ಗಂಟೆಗಳನ್ನು ಸಂಬಳದ ಅರ್ಧದಿಂದ ಗುಣಿಸಿ: 19 ಗಂಟೆ, 9 ಡಾಲರ್, 171. ಕ್ಯಾಲೆಂಡರ್ ಹಾಳೆಯ ಮೂಲೆಯಲ್ಲಿ ಅವನೇ ಗುಣಿಸಿ ನೋಡಿದ.

ಅವನು ಮೊದಲು ಕೇಳಿದ್ದು 13 ಗಂಟೆಗೆ, ಅದೂ ಮೊದಲ ವಾರಕ್ಕೆ ಮಾತ್ರ. ಆ 13 ತಪ್ಪು ಅಂತ ತೋರಿಸಿ ಅವರು ಪೂರ್ತಿ ಅರ್ಜಿಯನ್ನೇ ಬದಿಗೆ ಇಟ್ಟರು. ಅದಕ್ಕೇ ಹೇಳುವುದು, ಕೇಳುವ ಮೊದಲು ನಿಮ್ಮ ಲೆಕ್ಕ ಗಟ್ಟಿ ಇರಲಿ.

ಫೋನಿನಲ್ಲಿ ಸ್ಪ್ರೆಡ್‌ಶೀಟ್ ಇಟ್ಟುಕೊಳ್ಳುವವರು B2ರಿಂದ B8ರವರೆಗೆ ಏಳು ದಿನದ ಗಂಟೆ ಹಾಕಿ. C2ರಲ್ಲಿ ಮೊದಲ ಸೂತ್ರ ಬರೆದು C8ರವರೆಗೆ ಎಳೆಯಿರಿ. ಕೆಳಗಿನದ್ದು ವಾರದ ಓವರ್‌ಟೈಮ್.

```
=MAX(0, B2-8)
=MAX(SUM(C2:C8), SUM(B2:B8)-44)
```

ಪ್ರತಿ ವಾರಕ್ಕೂ ಬೇರೆ ಕೋಷ್ಟಕ ಮಾಡಿ. ಎರಡು ವಾರವನ್ನು ಒಂದರಲ್ಲೇ ತುರುಕಿದರೆ ನೀವೇ ಆ 88ರ ತಪ್ಪು ಮಾಡಿದ ಹಾಗೆ.

ವಾರ ಯಾವ ದಿನ ಶುರು ಅಂತ ಮೊದಲೇ ಕೇಳಿಕೊಳ್ಳಿ. ಕಂಪನಿ ಬೇರೆ ಪದ್ಧತಿ ಇಟ್ಟುಕೊಂಡಿಲ್ಲದಿದ್ದರೆ ಭಾನುವಾರದಿಂದ ಶನಿವಾರ. ಹುಡುಗನ ಹೋಟೆಲಿನಲ್ಲಿ ಸೋಮವಾರದಿಂದ. ಅವನ ಕ್ಯಾಲೆಂಡರ್ ಭಾನುವಾರದಿಂದ. ಎರಡನೇ ವಾರದ ಕೊನೆಯ ಭಾನುವಾರ ಕ್ಯಾಲೆಂಡರಿನಲ್ಲಿ ಮುಂದಿನ ವಾರಕ್ಕೆ ಜಾರಿತ್ತು. ದಿನದ ಗೆರೆಗೆ ಇದರಿಂದ ವ್ಯತ್ಯಾಸ ಇಲ್ಲ, ಆದರೆ ವಾರದ ಮೊತ್ತ ಪೂರಾ ಬದಲಾಗುತ್ತದೆ.

ಬ್ರೇಕ್ ವಿಷಯವೂ ಹಾಗೆಯೇ. ಸಂಬಳ ಇಲ್ಲದ ಅರ್ಧ ಗಂಟೆ ಬ್ರೇಕಿನಲ್ಲಿ ನಿಜವಾಗಿ ಬಿಡುವು ಸಿಕ್ಕಿದ್ದರೆ ಅದನ್ನು ಗಂಟೆಗೆ ಸೇರಿಸಬೇಡಿ. ಬೆಳಿಗ್ಗೆ 9ಕ್ಕೆ ಹೋಗಿ ಸಂಜೆ 5:30ಕ್ಕೆ ಬಿಟ್ಟರೆ ಅದು 8 ಗಂಟೆ, ಎಂಟೂವರೆ ಅಲ್ಲ. ನಮ್ಮವರು ಬಾಗಿಲು ದಾಟಿದಲ್ಲಿಂದ ಬಾಗಿಲು ದಾಟುವವರೆಗೆ ಬರೆಯುತ್ತಾರೆ. ಅಲ್ಲೂ ಲೆಕ್ಕ ಜಗಳಕ್ಕೆ ಬೀಳುತ್ತದೆ.

ಈ 8 ಮತ್ತು 44 ಎಲ್ಲರಿಗೂ ಅಲ್ಲ. ಮ್ಯಾನೇಜರು, ಸೂಪರ್‌ವೈಸರುಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ. ಕಂಪ್ಯೂಟರ್ ಸಿಸ್ಟಮ್ಸ್ ಕೆಲಸದ ವೃತ್ತಿಪರರಿಗೂ ಇಲ್ಲ. ಮಣಿಪಾಲದಲ್ಲಿ ಓದಿ ಆ ಕಡೆ ಹೊರಟವರು ಇದನ್ನು ಗಮನಿಸಿ. ಲಾರಿ ಓಡಿಸುವಂಥ ಕೆಲವು ಕೆಲಸಗಳಿಗೆ ಗೆರೆಗಳೇ ಬೇರೆ. ಇನ್ನು ಗಲ್ಫಿನಲ್ಲಿ ಇದ್ದು ಬಂದ ಚಿಕ್ಕಪ್ಪನ ಲೆಕ್ಕವನ್ನಂತೂ ಇಲ್ಲಿಗೆ ತರಬೇಡಿ. ಅಲ್ಲಿನ ಪಟ್ಟೂ ಬೇರೆ, ಅದನ್ನು ಹಾಕುವ ಸಂಬಳವೂ ಬೇರೆ.

ದುಡ್ಡಿನ ಬದಲು ರಜೆ ಕೊಡುತ್ತೇವೆ ಅಂತಲೂ ಕೇಳಬಹುದು. ಲಿಖಿತ ಒಪ್ಪಂದ ಇದ್ದರೆ ಅದಕ್ಕೆ ಅವಕಾಶ ಉಂಟು. ಆದರೆ 2019ರ ಸೆಪ್ಟೆಂಬರಿನಿಂದ ಒಂದು ಗಂಟೆ ಓವರ್‌ಟೈಮಿಗೆ ಒಂದೇ ಗಂಟೆ ರಜೆ, ಒಂದೂವರೆ ಅಲ್ಲ. ದುಡ್ಡಾದರೆ ಒಂದೂವರೆ ಪಟ್ಟು ಬರುತ್ತದೆ. ನಾನಾದರೆ ದುಡ್ಡೇ ಕೇಳುತ್ತೇನೆ.

ಹುಡುಗ ವಾಪಸು ಹೋದ ಮೇಲೆ ಎರಡು ವಾರದ ದಿನವಾರು ಗಂಟೆ, 7 ಮತ್ತು 12, ಕೊನೆಗೆ 171 ಅಂತ ಚಿಕ್ಕ ಇಮೇಲ್ ಕಳಿಸಿದ. ಜಗಳದ ಒಂದು ಶಬ್ದವೂ ಅದರಲ್ಲಿ ಇರಲಿಲ್ಲ. ಕೊಡದಿದ್ದರೆ ಪ್ರಾಂತ್ಯದ ಎಂಪ್ಲಾಯ್‌ಮೆಂಟ್ ಸ್ಟಾಂಡರ್ಡ್ಸ್‌ಗೆ ದೂರು ಕೊಡಬಹುದು. ಕೆಲಸದಲ್ಲಿ ಇರುವಾಗಲೂ ಕೊಡಬಹುದು, ಬಿಟ್ಟ ಮೇಲೆ ಆದರೆ 6 ತಿಂಗಳೊಳಗೆ. ಅಷ್ಟು ದೂರ ಹೋಗಬೇಕಾಗಲಿಲ್ಲ. ಮುಂದಿನ ಪೇ ಸ್ಟಬ್‌ನಲ್ಲಿ 171 ಬೇರೆ ಸಾಲಾಗಿ ಬಂತು.

ಜೊತೆಗೆ ಒಂದು ಕಾಗದವೂ ಬಂತಂತೆ. ಇನ್ನು ಮುಂದೆ ಕೆಲಸದ ಗಂಟೆಗಳ ಸರಾಸರಿ ಹಿಡಿಯುತ್ತೇವೆ ಅಂತ. ಅದರ ಫೋಟೋ ತೆಗೆದು ನನಗೆ ಕಳಿಸಿದ. ಕಾನೂನಿನಲ್ಲಿ ಅದಕ್ಕೆ ದಾರಿ ಉಂಟು, ಮತ್ತು ಅದು ಜಾರಿಗೆ ಬಂದರೆ ಮೇಲಿನ ಲೆಕ್ಕ ಹೀಗೇ ನಡೆಯುವುದಿಲ್ಲ. ಆದರೆ ಮೊದಲೇ ಬರಹದಲ್ಲಿ ತಿಳಿಸಿರಬೇಕು, ಯಾವ ದಿನ ಎಷ್ಟು ಗಂಟೆ ಅಂತ ಅದರಲ್ಲಿ ಇರಬೇಕು. ಆಗಿಹೋದ ವಾರಗಳಿಗೆ ಅದನ್ನು ಹಚ್ಚಲು ಬರುವುದಿಲ್ಲ. "ಕಾಗದದ ತಾರೀಕು ನೋಡು, ಆ ತಾರೀಕಿನವರೆಗೆ ಹಳೆಯ ಲೆಕ್ಕವೇ" ಅಂದೆ. ಸಂಜೆ ಕ್ಯಾಲೆಂಡರಿನ ಹೊಸ ಹಾಳೆಯ ಫೋಟೋ ಬಂತು. ಆ ತಾರೀಕಿನ ಸುತ್ತ ಕೆಂಪು ಗೆರೆ ಎಳೆದಿದ್ದ.