ಹಿಡಿದದ್ದು ಮೊದಲೋ, ಚೂರಿ ತೆಗೆದದ್ದು ಮೊದಲೋ: 34ನೇ ಕಲಮಿನ ಒಂದು ಪ್ರಕರಣದಲ್ಲಿ ನನ್ನ ಅನುಭವ

ಕೊಲೆ ಪ್ರಕರಣದಲ್ಲಿ ಮೂರು ನಾಲ್ಕು ಆರೋಪಿಗಳಿದ್ದಾಗ ಎಲ್ಲರ ಪರವಾಗಿ ಒಂದೇ ಮಾತು ಹೇಳುವುದು, ಅಂದರೆ ಯಾರೂ ಅಲ್ಲಿರಲೇ ಇಲ್ಲವೆಂದು ವಾದಿಸುವುದು, ನಮ್ಮ ವಕೀಲರ ಸಂಘದಲ್ಲಿ ಬಹುಕಾಲದಿಂದ ನಡೆದು ಬಂದ ಪದ್ಧತಿ. ನಾನೂ ಹಾಗೆಯೇ ಮಾಡುತ್ತಿದ್ದೆ. ಹಿಂದಿನ ಒಂದು ಪ್ರಕರಣದಲ್ಲಿ ಗಾಯಾಳು ಸಾಕ್ಷಿಯೊಬ್ಬರು ಪಾಟೀ ಸವಾಲಿನಲ್ಲಿ ಕದಲಲಿಲ್ಲ. ಸ್ಥಳದಲ್ಲಿ ಇದ್ದರೆಂಬುದು ಸಾಬೀತಾದ ಕ್ಷಣದಲ್ಲೇ ನನ್ನ ವಾದವೆಲ್ಲ ಮುಗಿದು, ಕೈಯಲ್ಲಿ ಏನೂ ಇಲ್ಲದೆ ನಿಂತಿದ್ದ ಹುಡುಗನಿಗೂ ಕೊಲೆಯ 302 ಜೊತೆಗೆ, ಸಮಾನ ಉದ್ದೇಶದಿಂದ ಕೂಡಿ ಮಾಡಿದ ಕೃತ್ಯಕ್ಕೆ ಎಲ್ಲರನ್ನೂ ಹೊಣೆ ಮಾಡುವ 34ರ ಅಡಿ ಜೀವಾವಧಿ ಶಿಕ್ಷೆಯಾಯಿತು. ಅವನ ಪಾತ್ರವನ್ನು ಬೇರೆಯಾಗಿ ತೋರಿಸುವ ಒಂದು ಪ್ರಶ್ನೆಯನ್ನೂ ನಾನು ಕೇಳಿರಲಿಲ್ಲ ಎಂಬ ಕೊರಗು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಆಮೇಲೆ ಬಂದದ್ದು ಜಮೀನಿನ ಬದುವಿನ ಜಗಳದ ಪ್ರಕರಣ. ಒಂದನೇ ಆರೋಪಿ ಚೂರಿಯಿಂದ ಎರಡು ಬಾರಿ ಇರಿದ, ಎರಡನೆಯವನು ಮೃತನ ತೋಳುಗಳನ್ನು ಹಿಂದಿನಿಂದ ಹಿಡಿದಿದ್ದ, ಮೂರನೆಯವನು ‘ಬಿಡಬೇಡ, ಮುಗಿಸು’ ಎಂದು ಕೂಗಿದ, ನಾಲ್ಕನೆಯವನು ಬೈಕಿನ ಬಳಿ ಕಾವಲು ನಿಂತಿದ್ದ ಎಂಬುದು ಆರೋಪ ಪಟ್ಟಿಯ ಸಾರಾಂಶ. ಘಟನೆ 2024ರ ಜುಲೈ 1ಕ್ಕೆ ಮೊದಲಿನದಾದ್ದರಿಂದ ಹಳೆಯ ದಂಡ ಸಂಹಿತೆಯೇ ಅನ್ವಯಿಸುತ್ತಿತ್ತು. ನಾಲ್ವರ ಮೇಲೂ 302 ಮತ್ತು 34, ಒಳಸಂಚಿಗೆ 120ಬಿ, ದುಷ್ಪ್ರೇರಣೆಗೆ 109 ಹೀಗೆ ಮೂರು ದಾರಿಗಳಲ್ಲಿ ಹೊಣೆ ಹೊರಿಸಿದ್ದರು. ಹೊಸ ಸಂಹಿತೆಯಲ್ಲಿ ಇವು ಕ್ರಮವಾಗಿ 103 ಮತ್ತು 3(5), 61, 49 ಆಗಿವೆ.

ಒಬ್ಬೊಬ್ಬ ಆರೋಪಿಗೂ ಒಂದೊಂದು ದೊಡ್ಡ ಹಾಳೆ ತೆಗೆದುಕೊಂಡು, ಅದರಲ್ಲಿ ಸ್ಥಳಕ್ಕೆ ಬರುವ ಮೊದಲು, ಮಾತಿನ ಜಗಳ, ಇರಿತದ ಕ್ಷಣ, ಅನಂತರ ಎಂದು ನಾಲ್ಕು ಅಂಕಣಗಳನ್ನು ಹಾಕಿದೆ. ಅವನ ಬಗ್ಗೆ ಯಾವ ಸಾಕ್ಷಿ ಏನು ಹೇಳಿದ್ದಾರೆ, ಅದನ್ನು ಮೊದಲ ಬಾರಿ ಹೇಳಿದ್ದು ಯಾವ ದಿನದ ಹೇಳಿಕೆಯಲ್ಲಿ ಎಂಬುದನ್ನು ಬಿಟ್ಟು ಬೇರೇನನ್ನೂ ಅಲ್ಲಿ ಬರೆಯಲಿಲ್ಲ. ಹಿರಿಯರೊಬ್ಬರು ಹಾಳೆಗಳನ್ನು ನೋಡಿ, ‘ಪಾತ್ರಗಳನ್ನು ಬಿಡಿಸಲು ಹೊರಟರೆ ಹಾಜರಿಯನ್ನು ನೀವೇ ಒಪ್ಪಿಕೊಂಡಂತೆ ಆಗುತ್ತದೆ, ನಾಲ್ವರನ್ನೂ ಮುಳುಗಿಸುತ್ತೀರಿ’ ಎಂದರು. ಅವರ ಮಾತಿನಲ್ಲಿ ಸತ್ಯವಿತ್ತು. ಒಂದನೇ ಆರೋಪಿಯ ಹಿತವೂ ಉಳಿದವರ ಹಿತವೂ ಒಂದಕ್ಕೊಂದು ವಿರುದ್ಧವಾಗುವುದರಿಂದ ಅವನ ವಕಾಲತ್ತನ್ನು ನಾನು ಬಿಟ್ಟುಕೊಡಬೇಕಾಯಿತು. ಒಟ್ಟು ಎಂಬತ್ತು ಸಾವಿರಕ್ಕೆ ಒಪ್ಪಿದ್ದ ಶುಲ್ಕದಲ್ಲಿ ಸುಮಾರು ಮೂವತ್ತು ಸಾವಿರ ಅಲ್ಲಿಗೇ ಹೋಯಿತು. ದೃಢೀಕೃತ ನಕಲುಗಳಿಗೂ ಬೆರಳಚ್ಚಿಗೂ ಕೈಯಿಂದ ಆರೇಳು ಸಾವಿರ ಹಾಕಿದ ನೆನಪು.

ಹೆಚ್ಚು ದಿನ ತಿಂದದ್ದು ಎರಡನೇ ಆರೋಪಿಯ ಹಾಳೆ. ತೋಳು ಹಿಡಿದದ್ದನ್ನು ಇಬ್ಬರು ನೋಡಿದ್ದರು, ಅದನ್ನು ಅಲ್ಲಗಳೆಯುವುದು ವ್ಯರ್ಥವಾಗಿತ್ತು. ಆದರೆ ಚೂರಿ ಸೊಂಟದಲ್ಲಿ ಅಂಗಿಯ ಒಳಗಿತ್ತೆಂದೂ ಮೊದಲು ಕೈಕೈ ಮಿಲಾಯಿಸಿದರೆಂದೂ ಅವರೇ ಹೇಳಿದ್ದರು. ಹಾಗಾದರೆ ಹಿಡಿದದ್ದು ಮೊದಲೋ, ಚೂರಿ ತೆಗೆದದ್ದು ಮೊದಲೋ ಎಂಬುದರ ಮೇಲೆಯೇ ಎಲ್ಲವೂ ನಿಂತಿತ್ತು. ಚೂರಿಯನ್ನು ಕಂಡ ಮೇಲೆ ಹಿಡಿದಿದ್ದರೆ, ಅಥವಾ ಮೊದಲ ಇರಿತದ ನಂತರವೂ ಬಿಡದೆ ಹಿಡಿದಿದ್ದರೆ, ಕೊಲ್ಲುವ ಉದ್ದೇಶದಲ್ಲಿ ಅವನೂ ಪಾಲುಗಾರನೆಂದು ಹೇಳಲು ಯಾರಿಗೂ ಕಷ್ಟವಿಲ್ಲ, ಏಕೆಂದರೆ ಅಂತಹ ಉದ್ದೇಶ ಸ್ಥಳದಲ್ಲಿ ಕ್ಷಣಮಾತ್ರದಲ್ಲಿ ಕೂಡ ಮೂಡಬಹುದೆಂಬುದು ಸ್ಥಿರವಾದ ಕಾನೂನು. ಚೂರಿ ಹೊರಬರುವ ಮೊದಲೇ ಹಿಡಿದು, ಇರಿತವಾದೊಡನೆ ಕೈಬಿಟ್ಟಿದ್ದರೆ, ಅವರಿಬ್ಬರಿಗೂ ಸಮಾನವಾಗಿದ್ದ ಉದ್ದೇಶ ಹೊಡೆಯುವುದಷ್ಟೇ. ಗಾಯಾಳು ಸಾಕ್ಷಿಯ ಬಾಯಿಂದಲೇ ಈ ಕ್ರಮ ಹೊರಬಂದಿತು. ಅವರಿಗೆ ಯಾವ ಪ್ರಶ್ನೆಯನ್ನು ಮೊದಲು, ಯಾವುದನ್ನು ಕೊನೆಗೆ ಇಟ್ಟೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ತೀರ ಮುಖ್ಯವಾದ ಪ್ರಶ್ನೆಯಲ್ಲಿ ಚೂರಿ ಎಂಬ ಪದವೇ ಇರಲಿಲ್ಲ.

ಮೂರನೆಯವನ ಕೂಗು ಪ್ರಥಮ ವರ್ತಮಾನ ವರದಿಯಲ್ಲಿಲ್ಲ, ಅದೇ ದಿನ ಪಡೆದ ಹೇಳಿಕೆಗಳಲ್ಲೂ ಇಲ್ಲ, ಒಂಬತ್ತು ದಿನಗಳ ಮೇಲಿನ ಮರುಹೇಳಿಕೆಯಲ್ಲಿ ಮೊದಲ ಬಾರಿ ಕಾಣಿಸುತ್ತದೆ. ಆ ಲೋಪವನ್ನು ಸಾಕ್ಷಿಗೆ ತೋರಿಸಿ, ತನಿಖಾಧಿಕಾರಿಯಿಂದಲೂ ಸಾಬೀತುಪಡಿಸಿದೆ. ಅಷ್ಟಕ್ಕೇ ನಿಲ್ಲದೆ, ಕೂಗಿದ್ದನೆಂದೇ ಇಟ್ಟುಕೊಂಡರೂ ಅದು ಎರಡೂ ಇರಿತಗಳ ನಂತರವೆಂದು ಸಾಕ್ಷಿಯಿಂದ ಹೇಳಿಸಿದೆ. ಪ್ರಚೋದನೆ ಎಂಬುದು ಕೃತ್ಯಕ್ಕಿಂತ ಮುಂಚೆ ಬಂದು ಕೃತ್ಯವನ್ನು ಹುಟ್ಟಿಸಬೇಕು. ಮುಗಿದ ಕೆಲಸಕ್ಕೆ ಯಾರೂ ಪ್ರೇರಣೆ ಕೊಡಲಾರರು.

ನಾಲ್ಕನೆಯವನ ವಿಷಯದಲ್ಲಿ ಅಭಿಯೋಜಕರು 1925ರ ಬರೇಂದ್ರಕುಮಾರ ಘೋಷ್ ತೀರ್ಪನ್ನು ಮುಂದಿಟ್ಟರು. ಅಂಚೆ ಕಚೇರಿಯ ಆ ಕೊಲೆಯಲ್ಲಿ ತಾನು ಹೊರಗೆ ನಿಂತಿದ್ದೆನೆಂದು ಹೇಳಿದವನೂ ಹೊಣೆಗಾರನೆಂದು ಪ್ರಿವಿ ಕೌನ್ಸಿಲ್ ಹೇಳಿದ್ದರಿಂದ, ಬೈಕಿನ ಬಳಿ ನಿಂತವನಿಗೂ ಅದು ನಿಜವಾದ ಅಪಾಯ. ನನಗೆ ನೆರವಾದದ್ದು ಸ್ಥಳ ಮಹಜರು. ಬೈಕು ಸ್ಟ್ಯಾಂಡ್ ಹಾಕಿದಂತೆಯೇ ಘಟನಾ ಸ್ಥಳದಲ್ಲಿ ಪೊಲೀಸರಿಗೆ ಸಿಕ್ಕಿತ್ತು, ಅದರಲ್ಲಿ ಯಾರೂ ಓಡಿಹೋಗಿರಲಿಲ್ಲ. ಪರಾರಿಗೆ ಸಿದ್ಧವಾಗಿ ನಿಂತ ಕಾವಲುಗಾರನ ಕಥೆ ಅದಕ್ಕೆ ಹೊಂದಲಿಲ್ಲ.

ಒಳಸಂಚಿಗೆ ಇದ್ದ ಆಧಾರಗಳು ಎರಡು. ಬಂಧನವಾದ ಮೇಲೆ ಒಂದನೇ ಆರೋಪಿ ಪೊಲೀಸರಿಗೆ ಕೊಟ್ಟ ಹೇಳಿಕೆಯನ್ನು ಹಳೆಯ ಸಾಕ್ಷ್ಯ ಅಧಿನಿಯಮದ 25ನೇ ಕಲಮೇ ತಡೆಯುತ್ತಿತ್ತು. 10ನೇ ಕಲಮಿನ ನೆರವೂ ಅದಕ್ಕೆ ದೊರೆಯುತ್ತಿರಲಿಲ್ಲ, ಏಕೆಂದರೆ ಸಂಚು ಗುರಿ ಮುಟ್ಟಿದ ಮೇಲೆ ಒಬ್ಬ ಆಡಿದ ಮಾತು ಇತರರ ವಿರುದ್ಧ ನಿಲ್ಲದೆಂಬುದು 1940ರ ಮಿರ್ಜಾ ಅಕ್ಬರ್ ತೀರ್ಪಿನಿಂದ ಇತ್ಯರ್ಥವಾಗಿದೆ. ಇನ್ನೊಂದು, ಆ ವಾರದಲ್ಲಿ ಒಂದನೆಯವನಿಗೂ ನಾಲ್ಕನೆಯವನಿಗೂ ನಡುವೆ ನಡೆದ ಹತ್ತು ಹನ್ನೆರಡು ಫೋನ್ ಕರೆಗಳು. ಕಡತದಲ್ಲಿ ಮೂರು ತಿಂಗಳ ಕರೆ ವಿವರವಿದ್ದರೂ ಅವರು ಅವಲಂಬಿಸಿದ್ದು ಒಂದು ವಾರವನ್ನು ಮಾತ್ರ. ಕುತೂಹಲಕ್ಕೆಂದು ವಾರವಾರಕ್ಕೆ ಎಣಿಸಿ ನೋಡಿದೆ. ಭಾವ ಮೈದುನರಾದ ಅವರು ಪ್ರತಿ ವಾರವೂ ಹೆಚ್ಚು ಕಡಿಮೆ ಅಷ್ಟೇ ಮಾತನಾಡುತ್ತಿದ್ದರು. ಮಾತುಕತೆ ನಡೆದದ್ದು ಸಾಬೀತಾಯಿತೇ ಹೊರತು, ಅಪರಾಧಕ್ಕಾಗಿ ಒಪ್ಪಂದ ನಡೆದದ್ದು ಸಾಬೀತಾಗಲಿಲ್ಲ.

ತೀರ್ಪು ಬಂದಾಗ ಒಂದನೆಯವನಿಗೆ 302ರ ಅಡಿ ಜೀವಾವಧಿಯಾಯಿತು. ಎರಡನೆಯವನ ಮೇಲಿನ 302ರ ಆರೋಪ ಬಿದ್ದುಹೋಗಿ, ಸಾದಾ ಗಾಯದ 323 ಮತ್ತು 34ರ ಅಡಿ ಅವನು ಅದಾಗಲೇ ಜೈಲಿನಲ್ಲಿ ಕಳೆದ ಏಳೆಂಟು ತಿಂಗಳೇ ಶಿಕ್ಷೆಯೆಂದಾಯಿತು. ಉಳಿದಿಬ್ಬರು ಖುಲಾಸೆಯಾದರು. ಒಂದೇ ಬಗೆಯ ಉದ್ದೇಶವನ್ನು ಸಮಾನ ಉದ್ದೇಶವೆಂದು ಭ್ರಮಿಸಬಾರದೆಂದ 1945ರ ಮಹಬೂಬ್ ಷಾ ತೀರ್ಪನ್ನು ನ್ಯಾಯಾಧೀಶರು ಎರಡು ಪುಟಗಳಷ್ಟು ಚರ್ಚಿಸಿದ್ದಾರೆ. ನನ್ನ ಲಿಖಿತ ವಾದದ ಕ್ರಮವೇ ತೀರ್ಪಿನಲ್ಲೂ ಇರುವುದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಎಚ್ಚರಿಕೆ ಕೊಟ್ಟಿದ್ದ ಹಿರಿಯರು ಆ ತೀರ್ಪಿನ ನಕಲನ್ನು ಕೇಳಿ ಪಡೆದರು.

ಗೆದ್ದ ಹುರುಪಿನಲ್ಲಿ ಇದೇ ಹಾಳೆಗಳನ್ನು ಏಳು ಆರೋಪಿಗಳಿದ್ದ 149ನೇ ಕಲಮಿನ ಪ್ರಕರಣಕ್ಕೂ ಬಳಸಿ ಸೋತೆ. ಐದು ಅಥವಾ ಹೆಚ್ಚು ಜನರ ಅಕ್ರಮ ಕೂಟದಲ್ಲಿ ಸದಸ್ಯನಾಗಿದ್ದು ಅದರ ಉದ್ದೇಶವನ್ನು ಹಂಚಿಕೊಂಡಿದ್ದರೆ ಸಾಕು, ಪ್ರತಿಯೊಬ್ಬನೂ ಕೈಯೆತ್ತಿದ್ದನೆಂದು ತೋರಿಸಬೇಕಾಗಿಲ್ಲ. ಹೀಗಾಗಿ ಇರಿತದ ಕ್ಷಣದ ಅಂಕಣ ಖಾಲಿಯಿದ್ದರೂ ನನ್ನ ಕಕ್ಷಿದಾರರಿಗೆ ಲಾಭವಾಗಲಿಲ್ಲ. ಈಗ ಅಂತಹ ಪ್ರಕರಣಗಳಲ್ಲಿ ಬೇರೆ ಹಾಳೆ ಬರೆಯುತ್ತೇನೆ. ಒಬ್ಬ ಆರೋಪಿಯ ಹೆಸರನ್ನು ಎಷ್ಟು ಸಾಕ್ಷಿಗಳು ಒಂದೇ ರೀತಿಯಲ್ಲಿ ಹೇಳಿದ್ದಾರೆಂದು ಮಾತ್ರ ಅದರಲ್ಲಿ ಎಣಿಸುತ್ತೇನೆ, ಏಕೆಂದರೆ ದೊಡ್ಡ ಗುಂಪಿನ ಪ್ರಕರಣಗಳಿಗೆ ಮಸಾಲ್ಟಿ ತೀರ್ಪು ಒಪ್ಪಿದ ಅಳತೆ ಅದೇ. ಆ ಹಾಳೆಯ ಮೇಲೆ ನಡೆಸಿದ ಮೊದಲ ಪ್ರಕರಣದ ವಾದ ಇನ್ನೂ ಮುಗಿದಿಲ್ಲ.