ಬಿಳಿ ಕಾಲೊನಿ ಕಂಡ ಮೇಲೆ ನಾನು ಮಾಡುವುದು

ಮೈಸೂರಿನ ನಮ್ಮ ಲ್ಯಾಬಿನಲ್ಲಿ ರಾಗಿಯ ಜೀನಿನ 750 ಬೇಸ್ ಜೋಡಿಯ ಒಂದು ತುಂಡನ್ನು pUC19 ಪ್ಲಾಸ್ಮಿಡ್‌ನ EcoRI ಕಿಣ್ವ ಕತ್ತರಿಸುವ ಜಾಗಕ್ಕೆ ಸೇರಿಸಬೇಕಿತ್ತು. ಲೈಗೇಶನ್ ಮುಗಿಸಿ DH5α ಬ್ಯಾಕ್ಟೀರಿಯಾ ಕೋಶಗಳಿಗೆ ಹಾಕಿ, ಆಂಪಿಸಿಲಿನ್, ಎಕ್ಸ್-ಗ್ಯಾಲ್, ಐಪಿಟಿಜಿ ಇರುವ ಪ್ಲೇಟಿನ ಮೇಲೆ ಹರಡಿ ರಾತ್ರಿಯಿಡೀ 37 ಡಿಗ್ರಿಯಲ್ಲಿಟ್ಟೆ. ತುಂಡು ಸೇರದ ಪ್ಲಾಸ್ಮಿಡ್ ಇದ್ದರೆ ಕಾಲೊನಿ ನೀಲಿ, ಸೇರಿದ್ದರೆ ಬಿಳಿ. ಬೆಳಿಗ್ಗೆ ನೀಲಿ ಮಸುಕಾಗಿಯೇ ಇರುತ್ತದೆ. ಒಂದೆರಡು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಗಾಢವಾಗುತ್ತದೆ. ಅದಕ್ಕೂ ಮುಂಚೆ ನಾನು ಕಾಲೊನಿ ಆರಿಸುವುದಿಲ್ಲ. ದೊಡ್ಡ ಕಾಲೊನಿಯ ಸುತ್ತ ಸಾಸಿವೆಗಿಂತ ಸಣ್ಣದಾಗಿ ಎದ್ದ ಬಿಳಿ ಚುಕ್ಕೆಗಳನ್ನಂತೂ ಮುಟ್ಟುವುದೇ ಇಲ್ಲ. ದೊಡ್ಡ ಕಾಲೊನಿ ಸುತ್ತಲಿನ ಆಂಪಿಸಿಲಿನ್ ಅನ್ನು ಒಡೆದುಹಾಕಿರುವುದರಿಂದ ಅವು ಬದುಕಿರುತ್ತವೆ, ಒಳಗೆ ಪ್ಲಾಸ್ಮಿಡ್ ಇರುವುದಿಲ್ಲ.

ಬಿಳಿ ಬಣ್ಣ ಹೇಳುವುದು ಪ್ಲಾಸ್ಮಿಡ್ಡಿನಲ್ಲಿ ನೀಲಿ ಬರಲು ಬೇಕಾದ lacZ ಜೀನಿನ ತುಣುಕು ಕೆಟ್ಟಿದೆ ಎಂದಷ್ಟೇ. ಕತ್ತರಿಸಿದ ತುದಿಯಿಂದ ಒಂದೆರಡು ಬೇಸ್ ಸವೆದು ಪ್ಲಾಸ್ಮಿಡ್ ಮತ್ತೆ ತನ್ನಷ್ಟಕ್ಕೆ ಮುಚ್ಚಿಕೊಂಡರೂ ಓದುವ ಚೌಕಟ್ಟು ತಪ್ಪಿ ಕಾಲೊನಿ ಬಿಳಿಯೇ ಆಗುತ್ತದೆ. ಹಾಗಾಗಿ ಕಾಲೊನಿ ಪಿಸಿಆರ್ ಬೇಕು, ಅದರಲ್ಲಿ ಪ್ರೈಮರ್ ಆಯ್ಕೆಯೇ ಮುಖ್ಯ.

ನಮ್ಮ ಜೂನಿಯರ್ ಹುಡುಗಿ ಎರಡೂ ಪ್ರೈಮರ್ ರಾಗಿ ತುಂಡಿನವನ್ನೇ ಹಾಕಿದ್ದಳು. ಜೆಲ್ ನೋಡಿ, "ಅಕ್ಕ, ನೀಲಿದ್ರಲ್ಲೂ ಬ್ಯಾಂಡ್ ಬಂದ್ಬಿಟ್ಟಿದೆ" ಅಂದಳು. ಲೈಗೇಶನ್ನಿನಲ್ಲಿ ಉಳಿದ ತುಂಡುಗಳು ಅಗರ್ ಮೇಲೆ ಅಂಟಿಕೊಂಡಿರುತ್ತವೆ, ಟಿಪ್ಪಿನ ಜೊತೆ ಅವೂ ಬರುತ್ತವೆ. ಪಿಸಿಆರ್‌ಗೆ ಅಷ್ಟು ಸಾಕು. ನೀಲಿ ಕಾಲೊನಿಯ ಲೇನ್ ಇಟ್ಟಿದ್ದರಿಂದಲೇ ಇದು ಗೊತ್ತಾಯಿತು.

ಆಮೇಲೆ ಎಂಟು ಬಿಳಿ, ಒಂದು ನೀಲಿ ಕಾಲೊನಿ ತೆಗೆದುಕೊಂಡೆವು. ಟಿಪ್ಪಿನ ತುದಿ ತಾಗಿಸಿ, ಮೊದಲು ಹೊಸ ಪ್ಲೇಟಿನಲ್ಲಿ ನಂಬರ್ ಹಾಕಿದ ಚೌಕದ ಮೇಲೆ ಒಂದು ಗೆರೆ, ನಂತರ ಅದೇ ಟಿಪ್ 20 ಮೈಕ್ರೋಲೀಟರ್ ನೀರಿಗೆ. 95 ಡಿಗ್ರಿಯಲ್ಲಿ ಹತ್ತು ನಿಮಿಷ ಕಾಯಿಸಿ, ಅದರಿಂದ 1 ಮೈಕ್ರೋಲೀಟರ್ ಪಿಸಿಆರ್‌ಗೆ. ಈ ಸಲ ಪ್ಲಾಸ್ಮಿಡ್‌ನ M13 ಪ್ರೈಮರ್ ಜೋಡಿ. ನೀಲಿಯಲ್ಲಿ 100ರ ಆಸುಪಾಸು ಬ್ಯಾಂಡ್ ಬಂತು. ಐದು ಬಿಳಿಯಲ್ಲಿ 850ರ ಹತ್ತಿರ, ಎರಡರಲ್ಲಿ ನೀಲಿಯಷ್ಟೇ ಎತ್ತರ, ಅಂದರೆ ಖಾಲಿ. ಒಂದು ಲೇನ್‌ನಲ್ಲಿ ಏನೂ ಇಲ್ಲ. ಕೋಶ ಹೆಚ್ಚಾದರೆ ಪಿಸಿಆರ್ ನಿಂತುಹೋಗುತ್ತದೆ. ಆ ನೀರನ್ನು ಹತ್ತು ಪಟ್ಟು ತೆಳು ಮಾಡಿ ಹಾಕಿದಾಗ ಅದೂ 850 ತೋರಿಸಿತು.

EcoRI ಎರಡೂ ತುದಿಗೆ ಒಂದೇ ಆದ್ದರಿಂದ ತುಂಡು ತಲೆಕೆಳಗಾಗಿಯೂ ಕೂರಬಹುದು. ಆರಕ್ಕೂ M13 ಫಾರ್ವರ್ಡ್ ಜೊತೆ ತುಂಡಿನ ರಿವರ್ಸ್ ಪ್ರೈಮರ್ ಹಾಕಿದೆವು. ನಾಲ್ಕರಲ್ಲಿ ಮಾತ್ರ 750ಕ್ಕಿಂತ ತುಸು ಮೇಲೆ ಬ್ಯಾಂಡ್ ಬಂತು, ಅವೇ ನಮಗೆ ಬೇಕಾದ ದಿಕ್ಕಿನವು. ಗೆರೆ ಎಳೆದ ಪ್ಲೇಟಿನಿಂದ ಅವುಗಳಲ್ಲಿ ಎರಡನ್ನು ಬೆಳೆಸಿ ಪ್ಲಾಸ್ಮಿಡ್ ತೆಗೆದು EcoRI ಹಾಕಿದರೆ 2.7 ಕಿಲೋಬೇಸ್, 750 ಎರಡೂ ಬೇರೆಯಾಗಿ ಬಂದವು. ತುಂಡಿನೊಳಗೆ ಬೇಸ್ ಬದಲಾಗಿದೆಯೇ ಎಂಬುದು ಬ್ಯಾಂಡಿನಿಂದ ತಿಳಿಯದು. ಅದಕ್ಕಾಗಿ ಎರಡನ್ನೂ ಸೀಕ್ವೆನ್ಸಿಂಗಿಗೆ ಕಳಿಸಿದೆವು.